ಲೆದರ್ ವಾಚ್ ಬೆಲ್ಟಿನ ಒಳಗಡೆ ಬಿಳಿ ಗೆರೆ, ಬಕಲ್ ಹತ್ತಿರ ಕಪ್ಪು ಕಲೆ. ತೊಳೆಯಬಹುದಾ, ಬಿಸಾಕಬೇಕಾ?

ಕ್ಯಾತ್ಸಂದ್ರ_ರವಿ
ಎಲ್ಲರಿಗೂ ನಮಸ್ಕಾರ. ನಮ್ಮ ಮಾವನವರ ಹಳೇ ಎಚ್‌ಎಂಟಿ ಜನತಾ ಈಗ ನನ್ನ ಕೈಯಲ್ಲಿದೆ. ಕೀಲಿ ಕೊಟ್ಟರೆ ಇವತ್ತಿಗೂ ಓಡುತ್ತದೆ. ಯುಗಾದಿ ಹೊತ್ತಿಗೆ ಅದಕ್ಕೆ ಕಂದು ಬಣ್ಣದ ಹೊಸ ಲೆದರ್ ಬೆಲ್ಟ್ ಹಾಕಿಸಿದೆ. ಬಕಲ್ ಮಾತ್ರ ಹಳೆಯದೇ ಇರಲಿ ಅಂತ ಅದನ್ನೇ ಕೂರಿಸಿದ್ದೇನೆ.

ದಿನಾ ಬೈಕಿನಲ್ಲಿ ವಸಂತನರಸಾಪುರಕ್ಕೆ ಹೋಗಿ ಬರುತ್ತೇನೆ. ಶೆಡ್ಡಿನ ಒಳಗೆ ವಿಪರೀತ ಸೆಕೆ. ಈಗ ಬೆಲ್ಟಿನ ಒಳಭಾಗದಲ್ಲಿ ತೂತುಗಳ ಪಕ್ಕ ಬಿಳಿ ಗೆರೆ ಎದ್ದಿದೆ, ಅಲೆ ಅಲೆಯಾಗಿ. ಬಕಲ್ ಕೂರುವ ಜಾಗದಲ್ಲಿ ಶಾಯಿ ಚೆಲ್ಲಿದ ಹಾಗೆ ಕಪ್ಪು ಕಲೆ. ಸಂಜೆ ಬಿಚ್ಚಿಟ್ಟರೆ ವಾಸನೆ ಬೇರೆ. ಮನೆಯವಳು ಟೇಬಲ್ ಮೇಲೆ ಇಡಬೇಡಿ ಅಂತಾಳೆ.

ಇದನ್ನು ನೀರಿನಲ್ಲಿ ತೊಳೆಯಬಹುದಾ? ತೊಳೆದರೆ ಹೇಗೆ ಒಣಗಿಸೋದು? ಇಲ್ಲ ಇದರ ಕಥೆ ಮುಗಿಯಿತು ಅಂತ ಬೇರೆ ಹಾಕಿಸೋದಾ?

ಸುಮ್ನೆ_ಓದೋನು
ಸ್ಟೀಲ್ ಚೈನ್ ಹಾಕ್ಸಿ ಗುರು. ಕಥೆ ಅಲ್ಲೇ ಮುಗಿಯಿತು.

ಕ್ಯಾತ್ಸಂದ್ರ_ರವಿ
ಚೈನ್‌ಗೆ ಕೈಕೂದಲು ಸಿಕ್ಕಿ ಕೀಳುತ್ತದೆ ಸಾರ್. ಜೊತೆಗೆ ಮಾವನವರು ಬೆಲ್ಟೇ ಹಾಕುತ್ತಿದ್ದದ್ದು.

ತಿಪಟೂರು_ಕೊಬ್ಬರಿ
ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ಚರ್ಮ ಒಣಗಿದೆ, ಅದಕ್ಕೇ ಬಿಳಿಚಿಕೊಂಡಿದೆ. ಗಾಣದ ಕೊಬ್ಬರಿ ಎಣ್ಣೆ ಎರಡು ಹನಿ ಹಾಕಿ ಉಜ್ಜಿ. ನಮ್ಮ ತಾತ ಚಪ್ಪಲಿಗೂ ಅದೇ ಹಚ್ಚುತ್ತಿದ್ದರು, ಎತ್ತಿನ ಕೊರಳಪಟ್ಟಿಗೂ ಅದೇ. ವರ್ಷಗಟ್ಟಲೆ ಬಂದವು.

ಶಿರಾ_ಬಿಸಿಲು
ನಾನು ಸೋಪು ಹಾಕಿ ನಲ್ಲಿ ಕೆಳಗೆ ತೊಳೆದು ಬೈಕಿನ ಟ್ಯಾಂಕ್ ಮೇಲೆ ಹರಡಿಬಿಡುತ್ತೇನೆ. ನಮ್ಮೂರ ಬಿಸಿಲಿಗೆ ಅರ್ಧ ಗಂಟೆ ಸಾಕು. ವಾಸನೆ ಗೀಸನೆ ಎಲ್ಲ ಹೋಗುತ್ತದೆ.

ಹೊಲಿಗೆ_ಸೂಜಿ
ಅಯ್ಯೋ, ನಿಲ್ಲಿ ನಿಲ್ಲಿ. ಎಣ್ಣೆನೂ ಬೇಡ, ಟ್ಯಾಂಕೂ ಬೇಡ. ನಾನು ಮನೆಯಲ್ಲೇ ವಾಚ್ ಬೆಲ್ಟ್, ಪರ್ಸ್ ಹೊಲಿದು ಕೊಡುತ್ತೇನೆ. ರಿಪೇರಿಗೆ ಬರುವವುಗಳಲ್ಲಿ ಅರ್ಧಕ್ಕರ್ಧ ಈ ಎರಡು ಉಪಚಾರದಿಂದಲೇ ಕೆಟ್ಟು ಬರುತ್ತವೆ.

ರವಿ ಅವರೇ, ಮೊದಲು ಆ ಬಿಳಿ ಏನು ಅಂತ ಗೊತ್ತಾಗಬೇಕು. ಬೆಲ್ಟಿನ ಮೇಲೆ ಬಿಳಿ ಬರೋದು ಮೂರು ಕಾರಣಕ್ಕೆ. ಬೆವರಿನ ಉಪ್ಪು ಒಂದು. ಚರ್ಮಕ್ಕೆ ಹಾಕಿದ ಕೊಬ್ಬು, ಎಣ್ಣೆ ಮೇಲೆ ಬಂದು ಹೆಪ್ಪುಗಟ್ಟೋದು ಇನ್ನೊಂದು. ಮೂರನೇದು ಬೂಷ್ಟು. ನೋಡೋಕೆ ಹತ್ತಿರ ಹತ್ತಿರ ಒಂದೇ ಥರ ಇರುತ್ತವೆ, ಆದರೆ ಮಾಡಬೇಕಾದ ಕೆಲಸ ಬೇರೆ ಬೇರೆ.

ಬೆರಳು ಒದ್ದೆ ಮಾಡಿಕೊಂಡು ಬಿಳಿ ಗೆರೆಯ ಒಂದು ತುದಿಗೆ ಒತ್ತಿ ನೋಡಿ. ತಕ್ಷಣ ಕರಗಿ ಮಾಯವಾಗಿ, ಆರಿದ ಮೇಲೆ ಮತ್ತೆ ಬಂದರೆ ಅದು ಉಪ್ಪು. ನೀರಿಗೆ ಜಗ್ಗದೆ ಜಿಡ್ಡು ಜಿಡ್ಡಾಗಿ ಸರಿದಾಡಿದರೆ ಕೊಬ್ಬು. ಹೇರ್ ಡ್ರೈಯರಿನ ಬೆಚ್ಚನೆ ಗಾಳಿ ದೂರದಿಂದ ಸ್ವಲ್ಪ ಹೊತ್ತು ಹಿಡಿದರೆ ಅದು ಕರಗಿ ಒಳಗೆ ಇಳಿದುಬಿಡುತ್ತದೆ. ಉಪ್ಪು ಬಿಸಿಗೆ ಏನೂ ಆಗಲ್ಲ. ಬೂಷ್ಟಾದರೆ ಬೆಳಕಿಗೆ ಓರೆಯಾಗಿ ಹಿಡಿದಾಗ ಸಣ್ಣ ನವಿರು ಕಾಣುತ್ತದೆ, ಮುಗ್ಗಲು ವಾಸನೆ ಇರುತ್ತದೆ. ನೋಡಿ ಹೇಳಿ, ಆಮೇಲೆ ಮುಂದಿನದು.

ತಿಪಟೂರು_ಕೊಬ್ಬರಿ
ಅಕ್ಕ, ಎಣ್ಣೆ ಹಾಕದೆ ಚರ್ಮ ಬಾಳುತ್ತಾ? ಹದ ಮಾಡುವವರೇ ಎಣ್ಣೆ ಹಾಕುತ್ತಾರಲ್ಲ.

ಹೊಲಿಗೆ_ಸೂಜಿ
ಹಾಕುತ್ತಾರೆ, ನೀವು ಹೇಳಿದ್ದರಲ್ಲಿ ಅದು ನಿಜ. ಆದರೆ ಎತ್ತಿನ ಕೊರಳಪಟ್ಟಿ ಒಂದೇ ದಪ್ಪ ಚರ್ಮ, ದಾರದ ಹೊಲಿಗೆ. ವಾಚ್ ಬೆಲ್ಟ್ ಹಾಗಲ್ಲ. ಮೇಲೆ ಒಂದು ತೆಳು ಚರ್ಮ, ಕೆಳಗೆ ಕೈಗೆ ತಾಗುವ ಲೈನಿಂಗ್, ನಡುವೆ ಒಂದು ತುಂಬು. ಇವನ್ನೆಲ್ಲ ಹಿಡಿದಿರೋದು ಗೋಂದು. ಕೊಬ್ಬರಿ ಎಣ್ಣೆ ಒಳಗಿಳಿದರೆ ಗೋಂದು ಸಡಿಲವಾಗಿ ಲೈನಿಂಗ್ ಏಳುತ್ತದೆ. ಬಣ್ಣ ಒಂದೆರಡು ಪಟ್ಟು ಕಪ್ಪಾಗುತ್ತದೆ, ಮತ್ತೆ ತಿಳಿಯಾಗಲ್ಲ. ತೂತುಗಳು ಮೆತ್ತಗಾಗಿ ಉದ್ದ ಎಳೆದುಕೊಳ್ಳುತ್ತವೆ.

ಇನ್ನೊಂದು ಮಜಾ ಕೇಳಿ. ಕೊಬ್ಬರಿ ಎಣ್ಣೆ 24 ಡಿಗ್ರಿ ಆಸುಪಾಸಿಗೆಲ್ಲ ಗಟ್ಟಿಯಾಗುತ್ತದೆ. ಡಿಸೆಂಬರಿನಲ್ಲಿ ನಿಮ್ಮ ಬಚ್ಚಲುಮನೆ ಬಾಟಲಿ ನೋಡಿದರೆ ಗೊತ್ತಾಗುತ್ತದಲ್ಲ. ಬೇಸಿಗೆಯಲ್ಲಿ ಹಚ್ಚಿದ ಎಣ್ಣೆ ಚಳಿಗೆ ಬೆಲ್ಟಿನ ಮೇಲೆ ಬಿಳಿಯಾಗಿ ಕೂರುತ್ತದೆ. ಆಗ ಅವರು ಮತ್ತೆ ಒಣಗಿದೆ ಅಂದುಕೊಂಡು ಇನ್ನಷ್ಟು ಎಣ್ಣೆ ಹಚ್ಚುತ್ತಾರೆ!

ಸುಮ್ನೆ_ಓದೋನು
ತಿಪಟೂರಿನವರ ಮುಂದೆ ಕೊಬ್ಬರಿ ಎಣ್ಣೆ ಬೇಡ ಅನ್ನೋಕೆ ಧೈರ್ಯ ಬೇಕು 😄

ತಿಪಟೂರು_ಕೊಬ್ಬರಿ
ಬೆಲ್ಟಿಗೆ ಬೇಡ ಅಂದರೆ ಬೇಡ. ತಲೆಗೆ ಹಚ್ಚೋದು ಬಿಡಲ್ಲ.

ಕೋಲಾರದ_ಲತಾ
ನನಗೂ ಇದೇ ತೊಂದರೆ. ವಾಚ್ ಕಟ್ಟುವ ಜಾಗದಲ್ಲಿ ಬಿಳಿ, ಕೆಂಪು, ವಿಪರೀತ ತುರಿಕೆ. ಯಾವ ಕ್ರೀಮ್ ಹಚ್ಚಲಿ?

ಅಂಗಡಿ_ಮಗ
ಲತಾ ಮೇಡಂ, ಅವರು ಕೇಳುತ್ತಿರೋದು ಬೆಲ್ಟಿನ ಚರ್ಮ, ನಿಮ್ಮದು ಕೈಯ ಚರ್ಮ 🙂 ಆದರೂ ಒಂದು ನೋಡಿ. ಕೆಂಪಗಾಗಿರೋದು ಬರೀ ಬಕಲ್ ಕೂರುವ ಚೌಕಕ್ಕೆ ಮಾತ್ರಾನಾ, ಇಲ್ಲ ಪೂರ್ತಿ ಸುತ್ತಲೂನಾ?

ಕೋಲಾರದ_ಲತಾ
ಬಕಲ್ ಕೆಳಗೇ ಜಾಸ್ತಿ. ಸರಿಯಾಗಿ ಬಕಲ್ ಆಕಾರಕ್ಕೇ ಇದೆ!

ಅಂಗಡಿ_ಮಗ
ಹಾಗಿದ್ದರೆ ಬಕಲಿನ ನಿಕ್ಕಲ್ ಆಗಿಬರ್ತಿಲ್ಲ ಅನ್ನೋ ಅನುಮಾನ. ಮೇಲಿನ ಲೇಪನ ಸವೆದರೆ ಬೆವರಿಗೆ ನಿಕ್ಕಲ್ ಬಿಡುತ್ತದೆ, ಕೆಲವರಿಗೆ ಅದು ಒಗ್ಗಲ್ಲ. ವಾಚ್ ಕೆಲವು ದಿನ ಬಿಚ್ಚಿಡಿ, ಚರ್ಮದ ಡಾಕ್ಟರಿಗೆ ತೋರಿಸಿ. ಕ್ರೀಮಿನ ಹೆಸರು ನಾನು ಹೇಳಲ್ಲ, ನಾನು ವಾಚ್ ರಿಪೇರಿಯವನು.

ಕ್ಯಾತ್ಸಂದ್ರ_ರವಿ
ಅಕ್ಕ, ನೀವು ಹೇಳಿದ ಹಾಗೆ ನೋಡಿದೆ. ಒದ್ದೆ ಬೆರಳು ಇಟ್ಟ ಕೂಡಲೇ ಬಿಳಿ ಹೋಯಿತು. ಊಟ ಮುಗಿಸಿ ಬಂದು ನೋಡಿದರೆ ಮತ್ತೆ ಹಾಜರ್. ಅದೂ ಮೊದಲಿಗಿಂತ ಸ್ವಲ್ಪ ಆಚೆಗೆ, ಬೆರಳಿನ ಗುರುತಿನ ಸುತ್ತ ಉಂಗುರದ ಹಾಗೆ. ನವಿರು ಏನೂ ಇಲ್ಲ.

ಹೊಲಿಗೆ_ಸೂಜಿ
ಉಪ್ಪೇ. ಆ ಉಂಗುರ ಬಂತಲ್ಲ, ಅದರಲ್ಲೇ ಪೂರ್ತಿ ವಿಷಯ ಇದೆ. ನೀರು ಎಲ್ಲಿವರೆಗೆ ಹರಡುತ್ತದೋ ಉಪ್ಪನ್ನು ಅಲ್ಲಿವರೆಗೆ ತಳ್ಳಿಕೊಂಡು ಹೋಗಿ, ಆರುವಾಗ ಅಂಚಿನಲ್ಲಿ ಬಿಟ್ಟುಹೋಗುತ್ತದೆ. ಅದಕ್ಕೇ ಕಲೆ ಇದ್ದ ಜಾಗವನ್ನಷ್ಟೇ ಒರೆಸಬಾರದು. ಒರೆಸಿದರೆ ಒಂದು ಕಲೆ ಹೋಗಿ ದೊಡ್ಡ ಕಲೆ ಬರುತ್ತದೆ. ಒಳಭಾಗ ಪೂರ್ತಿ, ತುದಿಯಿಂದ ತುದಿಗೆ, ಸಮನಾಗಿ ತೇವ ಆಗಬೇಕು.

ಹೀಗೆ ಮಾಡಿ. ಬೆಲ್ಟನ್ನು ವಾಚಿನಿಂದ ಬಿಚ್ಚಿ. ಅದನ್ನು ಬಿಚ್ಚದೆ ಮಾಡಿದರೆ ನೀರು ವಾಚ್ ಕೇಸಿಗೆ ಇಳಿಯುತ್ತದೆ, ಹಳೇ ಜನತಾಗೆ ಅದು ಆಗಿಬರಲ್ಲ. ಬಕಲನ್ನೂ ತೆಗೆಯಿರಿ. ಮೆತ್ತನೆ ಹಲ್ಲುಜ್ಜುವ ಬ್ರಷ್ ಒಣಗಿದ್ದು ತೆಗೆದುಕೊಂಡು ಬಿಳಿ ಪುಡಿಯನ್ನು ಮೊದಲು ಉದುರಿಸಿ. ಹೊಲಿಗೆ ಸಾಲು, ತೂತಿನ ಬಾಯಿ ಬಿಡಬೇಡಿ. ಉದುರಿದಷ್ಟು ಉಪ್ಪು ನೀರಿಗೆ ಸೇರಲ್ಲ.

ಆಮೇಲೆ ಬಿಳಿ ಕಾಟನ್ ಬಟ್ಟೆ ಒದ್ದೆ ಮಾಡಿ ಚೆನ್ನಾಗಿ ಹಿಂಡಿ. ಕೈಗೆ ತಣ್ಣಗೆ ತಾಗಬೇಕು, ಒತ್ತಿದರೆ ಹನಿ ಬರಬಾರದು. ಅದರಲ್ಲಿ ಲೈನಿಂಗ್ ಪೂರ್ತಿ ಒರೆಸಿ. ಬಟ್ಟೆಯ ಬೇರೆ ಜಾಗ ತೆಗೆದುಕೊಂಡು ಇನ್ನೊಮ್ಮೆ. ವಾಸನೆ ಇರೋದರಿಂದ ಮೊದಲ ಸಲ ಒಂದು ಲೋಟ ನೀರಿಗೆ ಮಕ್ಕಳ ಶಾಂಪೂ ಎರಡು ಹನಿ ಹಾಕಿ. ಆಮೇಲೆ ಬರೀ ನೀರಿನ ಬಟ್ಟೆ, ಶಾಂಪೂ ಉಳಿಯಬಾರದು. ಬಟ್ಟೆ ಸೋಪು, ಪಾತ್ರೆ ಸೋಪು ಮುಟ್ಟಬೇಡಿ. ಚರ್ಮ ಸ್ವಲ್ಪ ಆಮ್ಲದ ಕಡೆ ಇರೋ ವಸ್ತು, ಆ ಸೋಪುಗಳೆಲ್ಲ ಕ್ಷಾರ. ಸ್ಯಾನಿಟೈಸರ್ ಅಂತೂ ಬಣ್ಣವನ್ನೇ ಎತ್ತಿಕೊಂಡು ಬರುತ್ತದೆ.

ಒಂದೇ ಸಲಕ್ಕೆ ಎಲ್ಲ ಉಪ್ಪು ಹೋಗಲ್ಲ. ಆರುವಾಗ ಒಳಗಿನ ಉಪ್ಪು ಮೇಲಕ್ಕೆ ಬರುತ್ತದೆ. ಪೂರ್ತಿ ಆರಿದ ಮೇಲೆ ಮತ್ತೆ ಒಣ ಬ್ರಷ್, ಮತ್ತೆ ತೇವದ ಬಟ್ಟೆ. ಎರಡು ಮೂರು ಸುತ್ತಿಗೆ ಸಾಮಾನ್ಯವಾಗಿ ನಿಲ್ಲುತ್ತದೆ.

ಶಿರಾ_ಬಿಸಿಲು
ಒಂದು ಬೆಲ್ಟಿಗೆ ಇಷ್ಟೊಂದಾ? ಮಗುಗೆ ಸ್ನಾನ ಮಾಡಿಸೋಕೂ ಇಷ್ಟು ಹೊತ್ತು ಬೇಡ. ಬಿಸಿಲಲ್ಲಿ ಇಟ್ಟರೆ ಏನಾಗುತ್ತದೆ ಹೇಳಿ, ಚರ್ಮ ಹದ ಮಾಡೋವಾಗ ಬಿಸಿಲಿಗೆ ಹಾಕಲ್ವಾ?

ಮಧುಗಿರಿ_ಮೇಷ್ಟ್ರು
ಬಿಸಿಲಿನ ಮಾತಿಗೆ ನಾನು ಉತ್ತರ ಹೇಳುತ್ತೇನೆ. ಒಣಗಿದ ಚರ್ಮ ಬಿಸಿ ತಡೆಯುತ್ತದೆ, ಒದ್ದೆ ಚರ್ಮ ತಡೆಯಲ್ಲ. ತೊಗಟೆಯಲ್ಲಿ ಹದ ಮಾಡಿದ್ದು ಒದ್ದೆ ಇದ್ದಾಗ 70-80 ಡಿಗ್ರಿಗೇ ಮುದುರುತ್ತದೆ, ಮುದುರಿದ್ದು ಮತ್ತೆ ಬಿಡಿಸಿಕೊಳ್ಳಲ್ಲ. ಕ್ರೋಮಿನಲ್ಲಿ ಹದ ಮಾಡಿದ್ದು ಕುದಿಯುವ ನೀರಿಗೂ ತಡೆಯಬಹುದು. ಆದರೆ ಅದರೊಳಗಿನ ಗೋಂದು ತಡೆಯಬೇಕಲ್ಲ? ಮಧ್ಯಾಹ್ನದ ಬಿಸಿಲಿಗೆ ಕರಿ ಟ್ಯಾಂಕ್ ಮೇಲೆ ಕೈ ಇಡೋಕೆ ಆಗಲ್ಲ. ಮುದುರುವಷ್ಟು ಬಿಸಿ ಆಗದೇ ಇದ್ದರೂ ಮೇಲ್ಪದರ ಬೇಗ ಆರಿ ಬಿಗಿಯುತ್ತದೆ, ಒಳಗೆ ಇನ್ನೂ ಒದ್ದೆ. ಬೆಲ್ಟ್ ಬಿಲ್ಲಿನ ಹಾಗೆ ಬಾಗೋದು ಅದಕ್ಕೇ.

ಶಿರಾ_ಬಿಸಿಲು
ನನ್ನದು ಬಾಗಿಲ್ಲ ಮೇಷ್ಟ್ರೇ. ಎರಡು ಬೇಸಿಗೆ ಕಂಡಿದೆ.

ಅಂಗಡಿ_ಮಗ
ಅಣ್ಣ, ವಾಚಿಗೆ ಸೇರುವ ಕಡೆ ಅದನ್ನು ಹಿಂದಕ್ಕೆ ಮಡಚಿ ಒಂದು ಫೋಟೋ ಹಾಕಿ. ಹೊರಗಡೆ ಮೈ ಕಾಣಬೇಕು.

ಪಾವಗಡದ_ಬೋರ್‌ವೆಲ್
ಒಂದು ಮಾತು. ಯಾವ ನೀರು ಅಂತ ಯಾರೂ ಹೇಳಲಿಲ್ಲ. ನಮ್ಮ ಕಡೆ ಬೋರ್ ನೀರಲ್ಲಿ ಒರೆಸಿದರೆ ಆ ನೀರೇ ಬಿಳಿ ಕಟ್ಟುತ್ತದೆ. ಸ್ಟೀಲ್ ಲೋಟದಲ್ಲಿ ಒಂದು ದಿನ ಇಟ್ಟರೆ ಸಾಕು, ಸುತ್ತ ಬಳೆ ಬರುತ್ತದೆ. ಐದು ರೂಪಾಯಿ ಕಾಯಿನ್ ಹಾಕಿ ಹಿಡಿಯುವ ಶುದ್ಧ ನೀರಿನ ಘಟಕದ ನೀರು ತೆಗೆದುಕೊಳ್ಳಿ.

ಹೊಲಿಗೆ_ಸೂಜಿ
ಹೌದು, ಒಳ್ಳೆಯದು ನೆನಪಿಸಿದಿರಿ. ಫಿಲ್ಟರ್ ನೀರು, ಇಲ್ಲ ಮಳೆನೀರು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಆದರೆ ಇನ್ನೂ ಒಳ್ಳೆಯದು. ಬ್ಯಾಟರಿ ಆ್ಯಸಿಡ್ ಅಲ್ಲ ಮತ್ತೆ!

ಒಣಗಿಸುವ ವಿಷಯ ಬಾಕಿ ಇತ್ತು. ಒರೆಸಿದ ಮೇಲೆ ಒಣ ಟವೆಲ್ಲಿನ ನಡುವೆ ಇಟ್ಟು ಅಂಗೈಯಿಂದ ಒತ್ತಿ, ತಿರುಚಬೇಡಿ. ಆಮೇಲೆ ಲೈನಿಂಗ್ ಮೇಲೆ ಮಾಡಿ, ಗಾಳಿ ಆಡುವ ಕಡೆ, ನೆರಳಲ್ಲಿ ಚಪ್ಪಟೆಯಾಗಿ ಇಡಿ. ಕೂಲಿಂಗ್ ರ್‍ಯಾಕ್, ಇಲ್ಲ ಅನ್ನ ಬಸಿಯುವ ತೂತಿನ ತಟ್ಟೆ ಇದ್ದರೆ ಅದರ ಮೇಲೆ, ಕೆಳಗಿನಿಂದಲೂ ಗಾಳಿ ಸಿಗುತ್ತದೆ. ಫ್ಯಾನ್ ಮೂರು ನಾಲ್ಕು ಅಡಿ ದೂರ ಇರಲಿ. ಅರ್ಧ ಆರಿದಾಗ ಕೈಯ ಸುತ್ತಿನ ಆಕಾರಕ್ಕೆ ಒಂದೆರಡು ಸಲ ಮೆಲ್ಲಗೆ ಬಾಗಿಸಿ, ಇಲ್ಲದಿದ್ದರೆ ಹಲಗೆ ಥರ ಗಟ್ಟಿಯಾಗುತ್ತದೆ. ಮೇಲೆ ಮುಟ್ಟಿದರೆ ಒಣಗಿದೆ ಅನ್ನಿಸಿದರೂ ಪೂರ್ತಿ ಒಂದು ದಿನ ಬಿಡಿ. ತುಟಿಗೆ ತಾಗಿಸಿ ನೋಡಿ, ತಣ್ಣಗೆ ಅನ್ನಿಸಿದರೆ ಒಳಗೆ ಇನ್ನೂ ತೇವ ಇದೆ.

ಸುಮ್ನೆ_ಓದೋನು
ಬೆವರಿನ ಬೆಲ್ಟು, ತುಟಿಗೆ. ಸರಿ ಅಕ್ಕ.

ಹೊಲಿಗೆ_ಸೂಜಿ
ತೊಳೆದ ಮೇಲೆ ಕಣಪ್ಪ! ಬೇಡ ಅಂದರೆ ಕೆನ್ನೆಗೆ ತಾಗಿಸಿ.

ಹಳೇ_ಫ್ಯಾಕ್ಟರಿ
ಜನತಾ ಅಂದ ತಕ್ಷಣ ಓಡಿ ಬಂದೆ. ಎಚ್‌ಎಂಟಿ ವಾಚ್ 1961ರಲ್ಲಿ ಬೆಂಗಳೂರಿನಲ್ಲಿ ಸಿಟಿಜನ್ ಕಂಪನಿ ಜೊತೆ ಸೇರಿ ಶುರುವಾಯಿತು. ನಮ್ಮ ತುಮಕೂರಿನ ಫ್ಯಾಕ್ಟರಿ 1978ರದ್ದು. ಶಿಫ್ಟ್ ಬಸ್ಸುಗಳು ನೆನಪಿವೆಯಾ ಯಾರಿಗಾದರೂ? ಈಗ ಆ ಜಾಗ ಇಸ್ರೋಗೆ ಹೋಗಿದೆ. ರವಿ ಅವರೇ, ಡಯಲ್ ಫೋಟೋ ಹಾಕಿ, ಕನ್ನಡ ಅಕ್ಷರದ್ದಾ, ಹಿಂದಿದಾ?

ಕ್ಯಾತ್ಸಂದ್ರ_ರವಿ
ಹಿಂದಿಯಲ್ಲಿ ಜನತಾ ಅಂತ ಬರೆದಿದೆ ಸಾರ್. ಫೋಟೋ ಭಾನುವಾರ ಹಾಕುತ್ತೇನೆ. ಈಗ ಬೆಲ್ಟ್ ಬಿಚ್ಚಿದ್ದೇನೆ, ಫಿಲ್ಟರ್ ನೀರಲ್ಲಿ ಮೊದಲ ಸುತ್ತು ಆಯಿತು. ಬಟ್ಟೆಗೆ ಬಂದ ಕೊಳೆ ನೋಡಿ ಮನೆಯವಳು ಕಾಫಿ ಡಿಕಾಕ್ಷನ್ನಾ ಅಂದಳು.

ಆ ಕಪ್ಪು ಕಲೆ ಮಾತ್ರ ಒಂದು ಚೂರೂ ಜಗ್ಗಿಲ್ಲ.

ಮಧುಗಿರಿ_ಮೇಷ್ಟ್ರು
ಅದು ಜಗ್ಗಲ್ಲ, ಯಾಕೆಂದರೆ ಅದು ಕೊಳೆಯೇ ಅಲ್ಲ. ಅಳಲೆಕಾಯಿ ಕಷಾಯಕ್ಕೆ ಕಬ್ಬಿಣ ಸೇರಿಸಿ ಹಿಂದಿನವರು ಶಾಯಿ ಮಾಡುತ್ತಿದ್ದರು, ಕೇಳಿರುತ್ತೀರಿ. ನಿಮ್ಮ ಬೆಲ್ಟಿನಲ್ಲಿ ಆಗಿರೋದೂ ಅದೇ. ಚರ್ಮವನ್ನು ಗಿಡದ ತೊಗಟೆಯಿಂದ ಹದ ಮಾಡಿದ್ದರೆ ಅದರೊಳಗೆ ಟ್ಯಾನಿನ್ ಇರುತ್ತದೆ. ನಮ್ಮ ಬಯಲಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡ ಇದೆಯಲ್ಲ, ಅದರ ತೊಗಟೆಯೂ ಈ ಕೆಲಸಕ್ಕೆ ಬಳಕೆಯಲ್ಲಿದ್ದದ್ದೇ. ಬಕಲಿನ ಲೇಪನ ಸವೆದು ಒಳಗಿನ ಕಬ್ಬಿಣ ಬೆವರಿಗೆ ಕರಗಿದರೆ ಟ್ಯಾನಿನ್ ಜೊತೆ ಸೇರಿ ಅಲ್ಲೇ ಶಾಯಿ ಆಗುತ್ತದೆ. ಬಕಲ್ ಹಳೆಯದು ಅಂದಿರಲ್ಲ?

ಕ್ಯಾತ್ಸಂದ್ರ_ರವಿ
ಹೌದು ಸಾರ್. ಈಗ ಬಿಚ್ಚಿ ನೋಡಿದರೆ ಬಕಲಿನ ಕೆಳಗಡೆ ಲೇಪನ ಹೋಗಿದೆ, ಮುಳ್ಳು ಕೂರುವ ಕಡ್ಡಿಯ ಮೇಲೆ ಸಣ್ಣಗೆ ತುಕ್ಕು ಇದೆ. ಕಲೆಯೂ ಸರಿಯಾಗಿ ಅಷ್ಟೇ ಉದ್ದಕ್ಕೆ ಇದೆ.

ಮಧುಗಿರಿ_ಮೇಷ್ಟ್ರು
ಅಲ್ಲಿಗೆ ಕಳ್ಳ ಸಿಕ್ಕ. ನಿಂಬೆರಸ ಹತ್ತಿಯಲ್ಲಿ ಅದ್ದಿ ಕಲೆಯ ಮೇಲೆ ಮೆಲ್ಲಗೆ ಒತ್ತಿದರೆ ತಿಳಿಯಾಗುತ್ತದೆ. ಆಮ್ಲ ಕಬ್ಬಿಣವನ್ನು ಬಿಡಿಸಿಕೊಳ್ಳುತ್ತದೆ. ಆಮೇಲೆ ಶುದ್ಧ ನೀರಿನ ಬಟ್ಟೆಯಲ್ಲಿ ಒರೆಸಿ.

ಹೊಲಿಗೆ_ಸೂಜಿ
ಮೇಷ್ಟ್ರೇ, ನಿಮ್ಮ ರಸಾಯನ ಸರಿ, ಆದರೆ ನಿಂಬೆರಸಕ್ಕೆ ನನ್ನ ಒಪ್ಪಿಗೆ ಇಲ್ಲ. ಬಣ್ಣ ಹಾಕದ ಚರ್ಮಕ್ಕೆ ಅದು ಸರಿ, ಹೊಲಿಯುವಾಗ ನಾನೂ ಬಳಸುತ್ತೇನೆ. ಬಣ್ಣ ಹಾಕಿದ ಅಂಗಡಿ ಬೆಲ್ಟಿಗೆ ಹಾಕಿದರೆ ಕಪ್ಪಿನ ಜೊತೆ ಕಂದೂ ಹೋಗಿ ತಿಳಿ ಮಚ್ಚೆ ಬೀಳುತ್ತದೆ. ಕಪ್ಪು ಕಲೆ ಇರೋದು ಬಕಲಿನ ಅಡಿಯಲ್ಲಿ, ಯಾರಿಗೂ ಕಾಣಲ್ಲ. ಬಕಲ್ ಬದಲಾಯಿಸಿ, ಕಲೆ ಹಾಗೇ ಇರಲಿ.

ಮಧುಗಿರಿ_ಮೇಷ್ಟ್ರು
ಒಳಭಾಗದಲ್ಲಿ ಒಂದು ಮೂಲೆಗೆ ಹಾಕಿ ನೋಡೋಕೆ ಏನು ತೊಂದರೆ? ನನ್ನ ಪೆನ್ ಚೀಲದ ಕಲೆ ಹೋಗಿದ್ದು ಹಾಗೇ.

ಹೊಲಿಗೆ_ಸೂಜಿ
ನಿಮ್ಮ ಪೆನ್ ಚೀಲಕ್ಕೆ ಬಣ್ಣ ಇರಲಿಲ್ಲ ಅನ್ನಿಸುತ್ತದೆ. ಇರಲಿ, ಬೆಲ್ಟ್ ರವಿ ಅವರದ್ದು.

ಅಂಗಡಿ_ಮಗ
ಬಕಲ್ ಬದಲಾಯಿಸುವಾಗ ಸ್ಟೇನ್‌ಲೆಸ್ ಸ್ಟೀಲಿನದ್ದೇ ಕೇಳಿ. ಮಾವನವರ ಬಕಲ್ ಬೇಕೇ ಬೇಕು ಅಂದರೆ ತುಕ್ಕು ತೆಗೆಸಿ ಲೇಪನ ಹಾಕಿಸಬೇಕು, ಅದು ಬೆಲ್ಟಿಗಿಂತ ದುಬಾರಿ ಆಗಬಹುದು. ಡಬ್ಬಿಯಲ್ಲಿ ಎತ್ತಿಡಿ ಸಾಕು.

ಯಾರೂ ಮಾತಾಡದ ಒಂದು ವಿಷಯ ಇದೆ. ಎಲ್ಲರೂ ಕಲೆ ನೋಡುತ್ತಾರೆ, ಪಿನ್ ನೋಡಲ್ಲ. ವಾಚಿನ ಎರಡು ಕೊಂಬಿನ ನಡುವೆ ಬೆಲ್ಟ್ ಹಿಡಿದಿರುವ ಸ್ಪ್ರಿಂಗ್ ಪಿನ್ ಇದೆಯಲ್ಲ, ಬೆವರು ಮೊದಲು ಸೇರೋದು ಅಲ್ಲಿಗೇ. ಅಂಗಡಿಗೆ ಗಾಜು ಒಡೆದ ವಾಚ್ ಬಂದರೆ ನಾನು ಮೊದಲು ಪಿನ್ ನೋಡುತ್ತೇನೆ. ಒಂದು ಕಡೆಯ ತುದಿ ತುಕ್ಕಿಗೆ ಕೂತು ಎದ್ದೇ ಇರಲ್ಲ. ಪಿನ್ನಿನ ಎರಡೂ ತುದಿ ಉಗುರಲ್ಲಿ ಒತ್ತಿ ಬಿಡಿ, ಟಕ್ ಅಂತ ಈಚೆ ಬರಬೇಕು. ನಿಧಾನಕ್ಕೆ ಬಂದರೆ ಬದಲಾಯಿಸಿ. ಪಿನ್ನಿಗೆ ಒಂದು ಟೀ ಕುಡಿದಷ್ಟು ದುಡ್ಡು, ವಾಚ್ ಬಿದ್ದರೆ ಎಷ್ಟು ಅಂತ ಕೇಳಬೇಡಿ.

ಕ್ಯಾತ್ಸಂದ್ರ_ರವಿ
ಪಿನ್ ಒಂದು ಟಕ್ ಅಂದಿತು, ಇನ್ನೊಂದು ಆಲಸಿ. ಎರಡೂ ಬದಲಾಯಿಸುತ್ತೇನೆ. ಹಾಗಾದರೆ ಬೆಲ್ಟ್ ಯಾವಾಗ ಬಿಸಾಕಬೇಕು ಅಂತಲೂ ಹೇಳಿಬಿಡಿ ಅಣ್ಣ.

ಅಂಗಡಿ_ಮಗ
ತಿಂಗಳ ಲೆಕ್ಕ ಹಾಕಬೇಡಿ. ಮೂರು ಜಾಗ ನೋಡಿ.

ಮೊದಲು ಪಿನ್ ತೂರಿಸುವ ಸುರುಳಿ. ಬೆಲ್ಟ್ ಬಿಚ್ಚಿ ಆ ಭಾಗವನ್ನು ಹೆಬ್ಬೆರಳಿನಿಂದ ಹಿಂದಕ್ಕೆ ಬಾಗಿಸಿ. ಮೇಲ್ಮೈ ಮೇಲೆ ಸಣ್ಣ ಸುಕ್ಕು ಎಲ್ಲ ಬೆಲ್ಟಿಗೂ ಬರುತ್ತದೆ, ಅದಕ್ಕೆ ಹೆದರಬೇಡಿ. ಸುಕ್ಕಿನೊಳಗೆ ಬೇರೆ ಬಣ್ಣದ ನಾರು ಕಂಡರೆ ಚರ್ಮ ಸೀಳಿದೆ ಅಂತ. ಅದಕ್ಕೆ ಗೋಂದು, ಪಾಲಿಶ್, ಕ್ರೀಮ್ ಯಾವುದೂ ಇಲ್ಲ. ಅವತ್ತೇ ಬದಲಾಯಿಸಿ. ಬೆಲ್ಟಿನಲ್ಲಿ ವಾಚ್ ಬೀಳಿಸುವ ಮುಖ್ಯ ಜಾಗ ಅದೇ.

ಎರಡನೇದು ನೀವು ದಿನಾ ಹಾಕುವ ತೂತು. ದುಂಡಗಿದ್ದದ್ದು ಮೊಟ್ಟೆ ಆಕಾರಕ್ಕೆ ಬಂದಿದ್ದರೆ ಇನ್ನೂ ಕಾಲ ಇದೆ. ಅದರಿಂದ ಪಕ್ಕದ ತೂತಿನ ಕಡೆ ಬಿರುಕು ಹೊರಟಿದ್ದರೆ ಮುಗಿಯಿತು.

ಕೊನೆಯದು ಲೈನಿಂಗ್. ಅಂಚಿನಲ್ಲಿ ಒಂದು ಸ್ವಲ್ಪ ಎದ್ದಿದ್ದರೆ ಗೋಂದು ಹಾಕಿ ಕೊಡುತ್ತೇವೆ. ನಡುವೆ ಗುಳ್ಳೆ ಎದ್ದಿದ್ದರೆ, ಇಲ್ಲ ಉಜ್ಜಿದರೆ ಪುಡಿ ಉದುರಿದರೆ ಬಿಟ್ಟುಬಿಡಿ. ಇನ್ನು ವಾಸನೆ. ಅಕ್ಕ ಹೇಳಿದ ಹಾಗೆ ತೊಳೆದು, ಪೂರ್ತಿ ಒಣಗಿಸಿ, ಕಟ್ಟಿಕೊಂಡ ಮೊದಲ ಗಂಟೆಯಲ್ಲೇ ವಾಸನೆ ವಾಪಸ್ ಬಂದರೆ ಅದು ಒಳಗಿನ ತುಂಬಿಗೆ ಇಳಿದಿದೆ. ಅಲ್ಲಿಗೆ ಬಟ್ಟೆ ತಲುಪಲ್ಲ.

ಪಾವಗಡದ_ಬೋರ್‌ವೆಲ್
ರೆಕ್ಸಿನ್ ಬೆಲ್ಟಿಗೂ ಇದೇನಾ?

ಅಂಗಡಿ_ಮಗ
ಅದಕ್ಕೆ ಒರೆಸಿದರೆ ಸಾಕು. ಸಿಪ್ಪೆ ಏಳೋಕೆ ಶುರುವಾದ ದಿನ ಎಸೆಯಿರಿ. ಲೆದರ್ ಅಂತ ಮಾರುವ ಎಷ್ಟೋ ಅಗ್ಗದ ಬೆಲ್ಟುಗಳೂ ಮೇಲೆ ಪ್ಲಾಸ್ಟಿಕ್ ಪದರ ಹಾಕಿರುವವೇ. ಒಂದು ಹನಿ ನೀರು ಮೇಲೆ ಬಿಡಿ. ಚರ್ಮ ನೀರು ಕುಡಿದು ಅಲ್ಲಿ ಗಾಢ ಆಗುತ್ತದೆ, ಪದರ ಇದ್ದರೆ ಹನಿ ಮುತ್ತಿನ ಹಾಗೆ ನಿಲ್ಲುತ್ತದೆ.

ಹೊಲಿಗೆ_ಸೂಜಿ
ಹನಿ ನಿಂತ ತಕ್ಷಣ ರೆಕ್ಸಿನ್ ಅನ್ನಬೇಡಿ. ಒಳ್ಳೆ ಚರ್ಮಕ್ಕೂ ಮೇಣ, ಫಿನಿಶ್ ಹಾಕಿದ್ದರೆ ಹನಿ ನಿಲ್ಲುತ್ತದೆ. ತೂತಿನ ಒಳಗೆ ಇಣುಕಿ, ನಾರು ಕಾಣುತ್ತದಾ ನೋಡಿ.

ಶಿರಾ_ಬಿಸಿಲು
ಫೋಟೋ ಹಾಕಿದ್ದೇನೆ ನೋಡಿ. ಮಡಚಿದ್ದೇನೆ. ಏನಾಗಿದೆ ಇದಕ್ಕೆ?

ಅಂಗಡಿ_ಮಗ
ಅಣ್ಣ, ದೊಡ್ಡದು ಮಾಡಿ ನೋಡಿ. ಪಿನ್ನಿನ ಮೇಲೆ ಅಡ್ಡಕ್ಕೆ ಮೂರು ಸೀಳು, ಒಳಗೆ ಬೂದು ನಾರು. ಎಡಗಡೆ ಹೊಲಿಗೆ ಎರಡು ಗಂಟು ಬಿಟ್ಟಿದೆ.

ಶಿರಾ_ಬಿಸಿಲು
ಅದು ಸೀಳಲ್ಲ, ಡಿಸೈನ್.

ಸುಮ್ನೆ_ಓದೋನು
ಡಿಸೈನ್ ಅಂತೆ 😂

ಶಿರಾ_ಬಿಸಿಲು
ನಗಿ ನಗಿ. ಬಿಸಿಲಿಂದಲೇ ಆಯಿತು ಅನ್ನೋಕೆ ಏನು ಗ್ಯಾರಂಟಿ? ಎರಡು ವರ್ಷ ಆದ ಬೆಲ್ಟು ಹೇಗೂ ಸೀಳುತ್ತದೆ.

ಅಂಗಡಿ_ಮಗ
ಅದೂ ನಿಜವೇ, ದಿನಾ ಕಟ್ಟಿದ ಬೆಲ್ಟ್ ನಮ್ಮ ಸೆಕೆಗೆ ಎರಡು ವರ್ಷ ಬಂದರೆ ದೊಡ್ಡದು. ಬಿಸಿಲು, ಸೋಪು, ವಯಸ್ಸು, ಯಾವುದು ಎಷ್ಟು ಅಂತ ಫೋಟೋ ನೋಡಿ ಹೇಳೋಕಾಗಲ್ಲ. ಆದರೆ ಆ ವಾಚನ್ನು ಅದರಲ್ಲಿ ಕಟ್ಟಿಕೊಂಡು ಹೈವೇಗೆ ಇಳಿಯಬೇಡಿ.

ಕ್ಯಾತ್ಸಂದ್ರ_ರವಿ
ಸುದ್ದಿ: ಎರಡನೇ ಸುತ್ತಿಗೆ ಬಿಳಿ ಬಹಳ ಕಡಿಮೆಯಾಯಿತು. ಮೂರನೇ ಸಲ ಆರಿದ ಮೇಲೆ ಬ್ರಷ್ಷಿಗೆ ಏನೂ ಬರಲಿಲ್ಲ. ತೂತಿನ ಹತ್ತಿರ ನೀರಿನ ಗುರುತು ತೆಳ್ಳಗೆ ಉಳಿದಿದೆ, ಅಷ್ಟೇ. ಬೆಲ್ಟ್ ಸ್ವಲ್ಪ ಬಿಗಿಯಾಗಿತ್ತು, ಬಾಗಿಸಿ ಬಾಗಿಸಿ ಸರಿಯಾಯಿತು. ಸುರುಳಿ ಮಡಚಿ ನೋಡಿದೆ, ನಾರು ಕಾಣಲ್ಲ. ವಾಸನೆ ಸಂಜೆ ಹೊತ್ತಿಗೆ ಸ್ವಲ್ಪ ಬರುತ್ತದೆ, ಮೊದಲಿನಷ್ಟಲ್ಲ. ಕಪ್ಪು ಕಲೆಗೆ ನಿಂಬೆರಸ ಹಾಕಲೋ ಬೇಡವೋ ಇನ್ನೂ ಯೋಚನೆಯಲ್ಲಿದ್ದೇನೆ.

ಈಗ ಇದಕ್ಕೆ ಕ್ರೀಮ್ ಏನಾದರೂ ಹಚ್ಚಬೇಕಾ?

ಹೊಲಿಗೆ_ಸೂಜಿ
ಹೊರಮೈಗೆ ಮಾತ್ರ, ಬಣ್ಣ ಇಲ್ಲದ ಲೆದರ್ ಕ್ರೀಮ್ ಒಂದು ಕಡಲೆಕಾಳಿನಷ್ಟು. ಬಟ್ಟೆಗೆ ಹಚ್ಚಿಕೊಂಡು ತೆಳ್ಳಗೆ ಉಜ್ಜಿ, ಹತ್ತು ನಿಮಿಷ ಬಿಟ್ಟು ಒರೆಸಿ. ಒಳಗಡೆ ಬೇಡ. ಲೈನಿಂಗ್ ಬೆವರು ಹೀರಿಕೊಂಡು ಮತ್ತೆ ಬಿಡಬೇಕು, ಕ್ರೀಮ್ ಹಚ್ಚಿದರೆ ಅದರ ಬಾಯಿ ಕಟ್ಟಿದ ಹಾಗೆ.

ಮಧುಗಿರಿ_ಮೇಷ್ಟ್ರು
ಒಳಗಡೆಗೂ ತೆಳುವಾಗಿ ಹಚ್ಚಿದರೆ ಉಪ್ಪು ಒಳಗೆ ಇಳಿಯೋದು ಕಡಿಮೆಯಾಗಲ್ವಾ?

ಹೊಲಿಗೆ_ಸೂಜಿ
ಹಾಗೆ ವಾದಿಸುವವರೂ ಇದ್ದಾರೆ. ಹಚ್ಚಿದ ಬೆಲ್ಟು ಬೆವರಿಗೆ ಜಾರುತ್ತದೆ, ಕೊಳೆ ಬೇಗ ಅಂಟುತ್ತದೆ, ಅದಕ್ಕೆ ನಾನು ಹಚ್ಚಲ್ಲ. ಅದಕ್ಕಿಂತ ಸುಲಭದ್ದು ಹೇಳುತ್ತೇನೆ. ಕೈಗೂ ಬೆಲ್ಟಿಗೂ ನಡುವೆ ಕಿರುಬೆರಳು ತೂರುವಷ್ಟು ಸಡಿಲ ಕಟ್ಟಿ. ಮನೆಗೆ ಬಂದ ತಕ್ಷಣ ಬಿಚ್ಚಿ ಒಳಭಾಗ ಒಣ ಬಟ್ಟೆಯಲ್ಲಿ ಒರೆಸಿ, ಬಕಲ್ ಹಾಕದೆ ಬಿಡಿಸಿ ಇಡಿ. ಬಕಲ್ ಹಾಕಿ ಡ್ರಾಯರಿಗೆ ತುಂಬಿದರೆ ತೇವ ಒಳಗೇ ಉಳಿಯುತ್ತದೆ, ಮಳೆಗಾಲದಲ್ಲಿ ಬೂಷ್ಟು ಬರೋದು ಹಾಗೇ. ಆಗುವುದಾದರೆ ಶೆಡ್ಡಿನ ದಿನಗಳಿಗೆ ಇನ್ನೊಂದು ಬೆಲ್ಟ್ ಇಟ್ಟುಕೊಂಡು ದಿನ ಬಿಟ್ಟು ದಿನ ಬದಲಾಯಿಸಿ.

ತಿಪಟೂರು_ಕೊಬ್ಬರಿ
ಬೂಷ್ಟು ಬಂದರೆ ಏನು ಮಾಡೋದು ಅಕ್ಕ? ಕಳೆದ ಮಳೆಗಾಲದಲ್ಲಿ ನನ್ನ ಬೀರುವಿನಲ್ಲಿ ಇದ್ದ ಒಂದಕ್ಕೆ ಹಸಿರು ಹತ್ತಿತ್ತು.

ಹೊಲಿಗೆ_ಸೂಜಿ
ಮನೆ ಹೊರಗೆ ತಂದು ಒಣ ಬ್ರಷ್ಷಿನಲ್ಲಿ ಉದುರಿಸಿ, ಒಳಗೆ ಮಾಡಿದರೆ ಪಕ್ಕದ ಚಪ್ಪಲಿಗೂ ಹತ್ತುತ್ತದೆ. ಬಿಳಿ ವಿನೆಗರ್ ಒಂದು ಪಾಲಿಗೆ ನೀರು ಎರಡು ಪಾಲು ಸೇರಿಸಿ, ಹಿಂಡಿದ ಬಟ್ಟೆಯಲ್ಲಿ ಪೂರ್ತಿ ಒರೆಸಿ, ನೆರಳಲ್ಲಿ ಒಣಗಿಸಿ. ಮೊದಲು ಕಾಣದ ಜಾಗದಲ್ಲಿ ಬಣ್ಣ ಬಿಡುತ್ತದಾ ನೋಡಿಕೊಳ್ಳಿ. ಎಣ್ಣೆ ಹಚ್ಚಿದ್ದ ಬೆಲ್ಟಾ ಅದು?

ತಿಪಟೂರು_ಕೊಬ್ಬರಿ
ಅದು ಬಿಡಿ.

ಕೋಲಾರದ_ಲತಾ
ಡಾಕ್ಟರು ಬಕಲಿನದ್ದೇ ಇರಬಹುದು ಅಂದರು, ಬೇರೆ ಹಾಕಿಸಿ ನೋಡಿ ಅಂತ. ಅಣ್ಣ, ಹೊಸ ಬೆಲ್ಟ್ ತೆಗೆದುಕೊಳ್ಳುವಾಗ ನನ್ನ ಸಣ್ಣ ಕೈಗೆ ಯಾವುದು ಕೇಳಬೇಕು? ಇರೋದರಲ್ಲಿ ಕೊನೇ ತೂತಿಗೆ ಹಾಕಿದರೂ ಸಡಿಲ, ತುದಿ ನೇತಾಡುತ್ತದೆ.

ಅಂಗಡಿ_ಮಗ
ಅಗಲ ಒಂದೇ ಹೇಳಿದರೆ ಸಾಲದು ಮೇಡಂ, ಉದ್ದಾನೂ ಹೇಳಬೇಕು. ಮಾಮೂಲಿ ಬೆಲ್ಟಿನ ತೂತಿನ ಕಡೆಯ ತುಂಡು 115-120 ಎಂಎಂ, ಬಕಲ್ ಕಡೆಯದು 75 ಇರುತ್ತದೆ. ನೀವು ಶಾರ್ಟ್ ಅಂತ ಕೇಳಿ. ಅಗಲವನ್ನು ಹಳೇ ಬೆಲ್ಟಿಗೆ ಸ್ಕೇಲ್ ಇಟ್ಟು ಅಳೆಯಬೇಡಿ, ಬೆವರಿಗೆ ಹಿಗ್ಗಿರುತ್ತದೆ. ವಾಚಿನ ಕೊಂಬುಗಳ ನಡುವೆ ಅಳೆಯಿರಿ. ಬಕಲ್ ಸ್ಟೇನ್‌ಲೆಸ್ ಆದರೂ ಅದರಲ್ಲೂ ಸ್ವಲ್ಪ ನಿಕ್ಕಲ್ ಇರುತ್ತದೆ, ಸಾಮಾನ್ಯವಾಗಿ ಹೊರಗೆ ಬಿಡಲ್ಲ. ಅದಕ್ಕೂ ತುರಿಸಿದರೆ ಟೈಟಾನಿಯಂ ಬಕಲ್ ತರಿಸಬೇಕು, ಅದು ನನ್ನ ಅಂಗಡಿಯಲ್ಲಿ ಇಲ್ಲ.

ಹಳೇ_ಫ್ಯಾಕ್ಟರಿ
ರವಿ ಅವರೇ, ಭಾನುವಾರ ಹೋಗಿ ಬುಧವಾರ ಬಂತು. ಡಯಲ್ ಫೋಟೋ ಎಲ್ಲಿ?